ಹೃದಯ ಸೋತವರ ಆರೈಕೆ ಯೋಜನೆ

ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳುವ ಶಕ್ತಿ ಅದಕ್ಕೆ ಸಾಲದೆ ಹೋಗುವ ಸ್ಥಿತಿ ಅದು. ಮೂತ್ರಪಿಂಡಗಳಿಗೆ ಹರಿಯುವ ರಕ್ತ ಕಡಿಮೆಯಾದಾಗ, ದೇಹದಲ್ಲಿ ನೀರೇ ಬತ್ತಿದೆ ಎಂಬಂತೆ ಅವು ವರ್ತಿಸುತ್ತವೆ. ಹೊರಗೆ ಹೋಗಬೇಕಾದ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಹೀಗೆ ಉಳಿದ ನೀರು ಕಾಲು, ಹೊಟ್ಟೆ ಮತ್ತು ಶ್ವಾಸಕೋಶಗಳಲ್ಲಿ ಸೇರುತ್ತದೆ. ಮಲಗಿದಾಗ ಕಾಲಿನ ನೀರು ರಕ್ತಕ್ಕೆ ಮರಳಿ ಶ್ವಾಸಕೋಶದ ಮೇಲೆ ಹೊರೆ ಬೀಳುವುದರಿಂದ ರೋಗಿ ಎದ್ದು ಕೂರುತ್ತಾನೆ. ವೈದ್ಯರು ಹೃದಯಕ್ಕೆ ಔಷಧ ಬರೆಯುತ್ತಾರೆ. ಆ ನೀರು ಎಷ್ಟು ಸೇರಿದೆ, ಎಷ್ಟು ಇಳಿಯುತ್ತಿದೆ, ಮತ್ತೆ ಸೇರದಂತೆ ಏನು ಮಾಡಬೇಕು ಎಂದು ದಿನದ ಇಪ್ಪತ್ನಾಲ್ಕು ಗಂಟೆಯೂ ಲೆಕ್ಕ ಇಡುವ ಕೆಲಸ ನರ್ಸಿನದು. ಈ ಕೆಲಸದ ಲಿಖಿತ ರೂಪವೇ ಶುಶ್ರೂಷಾ ಆರೈಕೆ ಯೋಜನೆ, ನರ್ಸಿಂಗ್ ಕಾಲೇಜುಗಳಲ್ಲಿ ಕೇರ್ ಪ್ಲಾನ್ ಎಂದು ಕರೆಯುವಂಥದ್ದು.

ಇದಕ್ಕೆ ಐದು ಹಂತಗಳಿವೆ: ಪರಿಶೀಲನೆ, ಶುಶ್ರೂಷಾ ನಿರ್ಣಯ, ಗುರಿ, ಆರೈಕೆ, ಮೌಲ್ಯಮಾಪನ. 1967ರಲ್ಲಿ ಅಮೆರಿಕದ ಹೆಲೆನ್ ಯುರಾ ಮತ್ತು ಮೇರಿ ವಾಲ್ಶ್ ನಾಲ್ಕು ಹಂತಗಳ ಕ್ರಮವನ್ನು ಪುಸ್ತಕವಾಗಿ ಬರೆದರು. 1973ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಶುಶ್ರೂಷಾ ನಿರ್ಣಯಗಳ ಮೊದಲ ಸಮ್ಮೇಳನ ನಡೆದ ಮೇಲೆ ನಿರ್ಣಯವೂ ಒಂದು ಪ್ರತ್ಯೇಕ ಹಂತವಾಗಿ ನೆಲೆಗೊಂಡಿತು. ಭಾರತದ ನರ್ಸಿಂಗ್ ವಿದ್ಯಾರ್ಥಿಗಳು ಇಂದು ಬರೆಯುವ ಯೋಜನೆ ಇದೇ ಚೌಕಟ್ಟಿನದು.

ಚೌಕಟ್ಟು ಹೇಗೆ ದುಡಿಯುತ್ತದೆ ಎಂದು ನೋಡಲು ಒಂದು ಪ್ರಕರಣವನ್ನು ಆರಂಭದಿಂದ ಕೊನೆಯವರೆಗೆ ಹಿಡಿದು ಹೋಗುವುದು ಒಳ್ಳೆಯದು. ಇಲ್ಲಿ ಬರುವ ರೋಗಿ ನಿಜವಾದ ಒಬ್ಬ ವ್ಯಕ್ತಿಯಲ್ಲ, ಉದಾಹರಣೆಗಾಗಿ ರೂಪಿಸಿದವಳು. ದೇವದುರ್ಗ ತಾಲೂಕಿನ ಹಳ್ಳಿಯೊಂದರ 58 ವರ್ಷದ ಕೂಲಿ ಹೆಂಗಸು. ಎಂಟು ವರ್ಷಗಳಿಂದ ಬಿಪಿ ಇದೆ. ತಾಲೂಕು ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಪಡೆದು, ಸುಮಾರು 50 ಕಿಲೋಮೀಟರ್ ದೂರದ ರಾಯಚೂರಿಗೆ ಆಂಬುಲೆನ್ಸಿನಲ್ಲಿ ಬಂದಿದ್ದಾಳೆ. ಜಿಲ್ಲೆಯ ಇಂಥ ರೋಗಿಗಳು ಸಾಮಾನ್ಯವಾಗಿ ತಲುಪುವುದು ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಜನರ ಬಾಯಲ್ಲಿ ರಿಮ್ಸ್‌ಗೆ.

ಪರಿಶೀಲನೆ ಮಾತಿನಿಂದ ಶುರುವಾಗುತ್ತದೆ, ಆದರೆ ಪಠ್ಯಪುಸ್ತಕದ ಪ್ರಶ್ನೆಗಳು ಇಲ್ಲಿ ಕೆಲವೊಮ್ಮೆ ಕೈಕೊಡುತ್ತವೆ. ಮಲಗಲು ಎಷ್ಟು ದಿಂಬು ಬೇಕು ಎಂದು ಕೇಳುವುದು ಎಲ್ಲ ಪುಸ್ತಕಗಳಲ್ಲೂ ಇದೆ. ಚಾಪೆಯ ಮೇಲೆ, ತಲೆಗೆ ಮಡಿಸಿದ ಸೀರೆ ಇಟ್ಟು ಮಲಗುವವಳಿಗೆ ಆ ಪ್ರಶ್ನೆ ಏನನ್ನೂ ಹೇಳುವುದಿಲ್ಲ. "ರಾತ್ರಿ ಮಲಗಿದ್ರ ನಿದ್ದಿ ಬರ್ತದೇನವಾ, ಕುಂತ್ರ ಬರ್ತದೇನು?" ಎಂದು ಕೇಳಿದರೆ ಉತ್ತರ ಕೂಡಲೇ ಬರುತ್ತದೆ: "ಮೂರು ರಾತ್ರಿ ಆತ್ರಿ, ಗ್ವಾಡಿಗಿ ಆನಿಕೊಂಡೇ ಕುಂತೀನಿ. ಮಲಗಿದ್ರ ದಮ್ಮು ಹತ್ತತದ." ನಳದಿಂದ ಒಂದು ಕೊಡ ನೀರು ತರುವಾಗ ನಡುವೆ ಎಷ್ಟು ಸಲ ನಿಲ್ಲಬೇಕಾಗುತ್ತದೆ ಎಂಬ ಪ್ರಶ್ನೆ ಅವಳ ತ್ರಾಣದ ಅಳತೆ. ತಿಂಗಳ ಹಿಂದೆ ಅವಳು ನಿಲ್ಲುತ್ತಿರಲಿಲ್ಲ. ಈಗ ಕೊಡ ಎತ್ತುವುದನ್ನೇ ಬಿಟ್ಟಿದ್ದಾಳೆ.

ಇದ್ದಕ್ಕಿದ್ದಂತೆ ಹದಗೆಟ್ಟದ್ದು ಏಕೆ ಎಂಬುದು ಪರಿಶೀಲನೆಯ ತಿರುಳು. ಮಗ ಸೊಸೆ ದುಡಿಯಲು ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ತಿಂಗಳ ಮಾತ್ರೆ ತಂದುಕೊಡುತ್ತಿದ್ದವನು ಮಗನೇ. ಎರಡು ತಿಂಗಳಿಂದ ಬಿಪಿ ಮಾತ್ರೆ ಇಲ್ಲ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್ ಮಾತ್ರೆ ತಂದು ದಿನಕ್ಕೆ ಎರಡರಂತೆ ಮೂರು ವಾರ ನುಂಗಿದ್ದಾಳೆ. ಈ ಎರಡನೆಯ ಸಂಗತಿ ತಾನಾಗಿ ಹೊರಬರುವುದಿಲ್ಲ, ಏಕೆಂದರೆ ನೋವಿನ ಗುಳಿಗೆಯನ್ನು ಯಾರೂ ಹೃದಯಕ್ಕೆ ಸಂಬಂಧಿಸಿದ್ದು ಎಂದು ಎಣಿಸುವುದಿಲ್ಲ. ಮೂತ್ರಪಿಂಡದ ರಕ್ತನಾಳಗಳನ್ನು ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಈ ಗುಂಪಿನ ಮಾತ್ರೆಗಳು ತಡೆಯುತ್ತವೆ. ಉಪ್ಪು ನೀರು ಒಳಗೇ ಉಳಿಯುತ್ತವೆ, ಮೂತ್ರ ಹೆಚ್ಚಿಸುವ ಔಷಧದ ಬಲವೂ ಕುಗ್ಗುತ್ತದೆ. ಆದ್ದರಿಂದ "ಯಾವ ಮಾತ್ರೆ ತಗೋತೀರಿ" ಎಂದು ಕೇಳಿ ನಿಲ್ಲಿಸದೆ, ನೋವಿಗೆ, ಜ್ವರಕ್ಕೆ, ಸುಸ್ತಿಗೆ ಎಂದು ಒಂದೊಂದನ್ನೇ ಹೆಸರಿಸಿ ಕೇಳಬೇಕು. ಚೀಲದಲ್ಲಿರುವ ಮಾತ್ರೆಯ ಪಟ್ಟಿಗಳನ್ನು ಹೊರಗೆ ಹಾಕಿಸಿ ನೋಡಬೇಕು.

ಮೈ ಪರೀಕ್ಷೆಯಲ್ಲಿ ಕಂಡದ್ದು ಹೀಗೆ. ಉಸಿರಾಟ ನಿಮಿಷಕ್ಕೆ 30, ನಾಡಿ 112, ರಕ್ತದೊತ್ತಡ 158/96, ರಕ್ತದ ಆಮ್ಲಜನಕ ಶೇ. 88. ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ ಉಸಿರು ಎಳೆದುಕೊಳ್ಳುವಾಗ ಚಿಟಪಟ ಸದ್ದು. 45 ಡಿಗ್ರಿ ಒರಗಿಸಿದಾಗ ಕತ್ತಿನ ರಕ್ತನಾಳ ಉಬ್ಬಿ ಕಾಣುತ್ತದೆ. ಕಾಲಿನ ಬಾವು ಮೊಣಕಾಲಿನವರೆಗೆ ಏರಿದೆ, ಬೆರಳಿನಿಂದ ಒತ್ತಿದರೆ ಕುಳಿ ಉಳಿಯುತ್ತದೆ. ಕಾಲುಂಗುರ ಚರ್ಮಕ್ಕೆ ಕಚ್ಚಿಕೊಂಡಿದೆ. ಮೂರು ದಿನ ಕೂತೇ ಇದ್ದುದರಿಂದ ಸೊಂಟದ ಕೆಳಗಿನ ಮೂಳೆಯ ಮೇಲೆ ಚರ್ಮ ಕೆಂಪಾಗಿದೆ. ತೂಕ 57.0 ಕೆ.ಜಿ. ಅವಳ ಬಿಪಿ ಕಾರ್ಡಿನಲ್ಲಿ ಹಿಂದಿನ ತೂಕ 51 ಎಂದಿದೆ.

ಈ ಕೊನೆಯ ಎರಡು ಅಂಕಿಗಳ ಮೇಲೆಯೇ ಇಡೀ ಯೋಜನೆ ನಿಲ್ಲುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ಕೆಲವೇ ದಿನಗಳಲ್ಲಿ ಏರಿದ ಆರು ಕೆ.ಜಿ. ಕೊಬ್ಬಾಗಲಿ ಮಾಂಸವಾಗಲಿ ಆಗಿರಲಾರದು, ಅದು ಸುಮಾರು ಆರು ಲೀಟರ್ ನೀರು. ಕಾಲಿನ ಬಾವು ಕಣ್ಣಿಗೆ ಕಾಣುವ ಹೊತ್ತಿಗೇ ಎರಡು ಮೂರು ಲೀಟರ್ ಒಳಗೆ ಸೇರಿರುತ್ತದೆ. ಹಾಗಾಗಿ ತೂಕದ ಯಂತ್ರ ಕಣ್ಣಿಗಿಂತ ಮೊದಲು ಸುಳಿವು ಕೊಡುತ್ತದೆ. ಹಳೆಯ ತೂಕ ಎಲ್ಲಿಯೂ ಬರೆದಿಲ್ಲದಿದ್ದರೆ, ಬಾವು ಪೂರ್ತಿ ಇಳಿದು ಉಸಿರು ಹಗುರಾದ ದಿನದ ತೂಕವನ್ನೇ ಇನ್ನು ಮುಂದಿನ ಅಳತೆಗೋಲು ಎಂದು ಇಟ್ಟುಕೊಳ್ಳಬೇಕಾಗುತ್ತದೆ.

ಎರಡನೆಯ ಹಂತ ಶುಶ್ರೂಷಾ ನಿರ್ಣಯ. ಇಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪು ಒಂದೇ: ವೈದ್ಯರ ನಿರ್ಣಯವನ್ನೇ ಮತ್ತೆ ಬರೆಯುವುದು. "ಹೃದಯ ವೈಫಲ್ಯ" ಎಂಬುದು ರೋಗದ ಹೆಸರು. ಶುಶ್ರೂಷಾ ನಿರ್ಣಯ ಆ ರೋಗದಿಂದ ಈ ವ್ಯಕ್ತಿಗೆ ಉಂಟಾದ, ನರ್ಸ್ ಕೈಹಾಕಬಹುದಾದ ತೊಂದರೆಯನ್ನು ಹೇಳಬೇಕು. ಅದಕ್ಕೆ ಮೂರು ಭಾಗಗಳು: ತೊಂದರೆ, ಅದರ ಕಾರಣ, ಅದಕ್ಕೆ ಸಾಕ್ಷ್ಯ. ಈ ರೋಗಿಯ ಮೊದಲ ನಿರ್ಣಯ ಹೀಗೆ ಬರುತ್ತದೆ: "ದೇಹದಲ್ಲಿ ದ್ರವ ಹೆಚ್ಚಾಗಿದೆ. ಕಾರಣ, ಮೂತ್ರಪಿಂಡ ಉಪ್ಪು ನೀರನ್ನು ಹಿಡಿದಿಡುತ್ತಿರುವುದು, ಬಿಪಿ ಮಾತ್ರೆ ನಿಂತದ್ದು, ನೋವಿನ ಮಾತ್ರೆಯ ಬಳಕೆ. ಸಾಕ್ಷ್ಯ, ಆರು ಕೆ.ಜಿ. ತೂಕ ಏರಿಕೆ, ಮೊಣಕಾಲಿನವರೆಗೆ ಬಾವು, ಕತ್ತಿನ ನಾಳದ ಉಬ್ಬು, ಶ್ವಾಸಕೋಶದ ಸದ್ದು." ಕಾರಣದ ಜಾಗದಲ್ಲಿ ಬರೇ "ಹೃದಯ ವೈಫಲ್ಯ" ಎಂದು ಬರೆದಿದ್ದರೆ ಮುಂದೆ ಮಾಡಲು ಏನೂ ಹೊಳೆಯುತ್ತಿರಲಿಲ್ಲ. ಮಾತ್ರೆ ನಿಂತದ್ದು, ನೋವಿನ ಗುಳಿಗೆ ಎಂದು ಬರೆದ ಕೂಡಲೇ ಅರ್ಧ ಆರೈಕೆ ಅಲ್ಲೇ ಕಾಣಿಸುತ್ತದೆ.

ಪಟ್ಟಿಯಲ್ಲಿ ಇನ್ನೂ ಕೆಲವು ಇರುತ್ತವೆ: ಆಮ್ಲಜನಕದ ವಿನಿಮಯದಲ್ಲಿ ಅಡ್ಡಿ, ಶ್ರಮ ತಾಳಲಾರದಿರುವುದು, ಚರ್ಮ ಒಡೆಯುವ ಅಪಾಯ, ಸ್ವಂತ ರೋಗವನ್ನು ನಿಭಾಯಿಸಲು ಬೇಕಾದ ತಿಳಿವಳಿಕೆ ಮತ್ತು ಅನುಕೂಲದ ಕೊರತೆ. ಹನ್ನೆರಡು ನಿರ್ಣಯ ಬರೆದು ಯಾವುದನ್ನೂ ಬೆನ್ನಟ್ಟದಿರುವುದಕ್ಕಿಂತ ನಾಲ್ಕೈದನ್ನು ಸರಿಯಾದ ಕ್ರಮದಲ್ಲಿ ಇಡುವುದು ಮೇಲು. ಮೊದಲ ಗಂಟೆಯಲ್ಲಿ ಉಸಿರು, ನಂತರ ನೀರು, ಆಮೇಲೆ ಉಳಿದದ್ದು.

ಗುರಿ ಬರೆಯುವುದು ಮೂರನೆಯ ಹಂತ. "ಉಸಿರಾಟ ಸುಧಾರಿಸಬೇಕು" ಎಂಬುದು ಆಸೆ. ಅದು ಈಡೇರಿತೇ ಇಲ್ಲವೇ ಎಂದು ರಾತ್ರಿ ಪಾಳಿಯ ನರ್ಸ್ ಹೇಳಲಾರಳು. "ಎರಡು ಗಂಟೆಯೊಳಗೆ ಉಸಿರಾಟ ನಿಮಿಷಕ್ಕೆ 24ಕ್ಕಿಂತ ಕಡಿಮೆ, ಆಮ್ಲಜನಕ ಶೇ. 92 ಅಥವಾ ಹೆಚ್ಚು" ಎಂದಾಗ ಅದು ಗುರಿ. ದ್ರವದ ಗುರಿ: ದಿನಕ್ಕೆ ಸುಮಾರು ಒಂದು ಕೆ.ಜಿ. ಇಳಿಕೆ, ಬಿಡುಗಡೆಯ ಹೊತ್ತಿಗೆ 52ರ ಒಳಗೆ. ಚರ್ಮದ ಗುರಿ: ಕೆಂಪು ಭಾಗ ಒಡೆಯದಿರುವುದು. ಶ್ರಮದ ಗುರಿ: ವಾರ್ಡಿನ ಉದ್ದಕ್ಕೂ ಸುಸ್ತಾಗದೆ ನಡೆಯುವುದು. ಕೊನೆಯ ಗುರಿ ರೋಗಿಯ ಬಾಯಿಂದ ಬರಬೇಕಾದದ್ದು: ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಬರಬೇಕು, ಯಾವ ಮಾತ್ರೆ ಮುಟ್ಟಬಾರದು ಎಂದು ಬಿಡುಗಡೆಗೆ ಮೊದಲು ಅವಳೇ ತನ್ನ ಮಾತಿನಲ್ಲಿ ಹೇಳುವಂತಾಗುವುದು.

ಆರೈಕೆಯ ಹಂತದಲ್ಲಿ ಪ್ರತಿ ಕೆಲಸದ ಪಕ್ಕದಲ್ಲೂ ಅದರ ಕಾರಣ ಬರೆಯುವ ಪದ್ಧತಿ ಇದೆ. ಬೆನ್ನನ್ನು ನೇರಕ್ಕೆ ಎತ್ತಿ ಕೂರಿಸಿ ಕಾಲನ್ನು ಮಂಚದಿಂದ ಇಳಿಬಿಡಿಸುವುದರಿಂದ ಹೃದಯಕ್ಕೆ ಮರಳುವ ರಕ್ತ ತಗ್ಗಿ ಶ್ವಾಸಕೋಶ ಹಗುರಾಗುತ್ತದೆ. ಬಾವು ಇದೆ ಎಂದು ಮೊದಲ ಗಂಟೆಯಲ್ಲೇ ಕಾಲೆತ್ತಿ ಇಟ್ಟರೆ ಆ ನೀರು ನೇರ ಎದೆಗೆ ಬರುತ್ತದೆ, ಮನೆಯವರು ಪ್ರೀತಿಯಿಂದ ಮಾಡುವ ಕೆಲಸವಾದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಆಮ್ಲಜನಕ ಶೇ. 90ಕ್ಕಿಂತ ಕೆಳಗಿರುವುದರಿಂದ ವೈದ್ಯರ ಸೂಚನೆಯಂತೆ ಮಾಸ್ಕ್ ಹಾಕಲಾಗುತ್ತದೆ. ಫ್ಯೂರೊಸಮೈಡ್ 40 ಮಿ.ಗ್ರಾಂ. ರಕ್ತನಾಳಕ್ಕೆ ನಿಧಾನವಾಗಿ ಕೊಡಲಾಗುತ್ತದೆ. ಅದರ ಪರಿಣಾಮ ಐದು ನಿಮಿಷದಲ್ಲಿ ಶುರುವಾಗಿ ಅರ್ಧ ಗಂಟೆಯಲ್ಲಿ ಗರಿಷ್ಠಕ್ಕೆ ಹೋಗುತ್ತದೆ. ಆದ್ದರಿಂದ ಇಂಜೆಕ್ಷನ್‌ಗೆ ಮೊದಲೇ ಬೆಡ್‌ಪ್ಯಾನ್ ಅಥವಾ ಕ್ಯಾತಿಟರ್ ಸಿದ್ಧವಿರಬೇಕು. ದಮ್ಮು ಹತ್ತಿದವಳನ್ನು ವಾರ್ಡಿನ ತುದಿಯ ಶೌಚಾಲಯಕ್ಕೆ ನಡೆಸಿದರೆ ಉಸಿರು ಕಟ್ಟುತ್ತದೆ, ಮೂತ್ರದ ಲೆಕ್ಕವೂ ತಪ್ಪುತ್ತದೆ.

ಮೊದಲ ಆರು ಗಂಟೆಯಲ್ಲಿ ಬಂದ ಮೂತ್ರ 480 ಮಿ.ಲೀ., ಅಂದರೆ ಗಂಟೆಗೆ 80. ಮೂತ್ರ ಬರುತ್ತಿದೆಯಲ್ಲ ಎಂದು ಸುಮ್ಮನಿರುವ ಹೊತ್ತಲ್ಲ ಇದು. ಈ ಔಷಧದ ನಂತರ ಮೊದಲ ಆರು ಗಂಟೆಗಳಲ್ಲಿ ಗಂಟೆಗೆ 100ರಿಂದ 150 ಮಿ.ಲೀ. ಕೂಡ ಬಾರದಿದ್ದರೆ ಪ್ರಮಾಣ ಸಾಲುತ್ತಿಲ್ಲ ಎಂದು ಲೆಕ್ಕ. ನರ್ಸ್ ಅಂಕಿ ಸಮೇತ ವೈದ್ಯರಿಗೆ ತಿಳಿಸುತ್ತಾಳೆ, ಪ್ರಮಾಣ 80ಕ್ಕೆ ಏರುತ್ತದೆ, ಮುಂದಿನ ಆರು ಗಂಟೆಯಲ್ಲಿ 1,250 ಮಿ.ಲೀ. ಬರುತ್ತದೆ. ಮರುದಿನ ತೂಕ 55.9. ಲೆಕ್ಕವನ್ನು ಇಡೀ ದಿನದ ಕೊನೆಗೆ ಕೂಡಿಸುವ ಬದಲು ಆರು ಗಂಟೆಗೊಮ್ಮೆ ಕೂಡಿಸಿದ್ದರಿಂದ ಒಂದು ರಾತ್ರಿಯ ದಮ್ಮು ಉಳಿಯಿತು.

ಮೂರನೆಯ ಬೆಳಗ್ಗೆ ಯೋಜನೆ ಮುಗ್ಗರಿಸುತ್ತದೆ. ಹಿಂದಿನ ದಿನದ ಪಟ್ಟಿಯ ಪ್ರಕಾರ ಒಳಗೆ ಹೋದದ್ದಕ್ಕಿಂತ ಹೊರಗೆ ಬಂದದ್ದು ಒಂದು ಲೀಟರಿಗೂ ಹೆಚ್ಚು, ಆದರೆ ತೂಕ 56.0. ಎರಡರಲ್ಲಿ ಒಂದು ಸುಳ್ಳಾಗಿರಬೇಕು. ಬಹುತೇಕ ಸಲ ಸುಳ್ಳಾಗುವುದು ಒಳ ಹೊರ ಹರಿವಿನ ಪಟ್ಟಿಯೇ: ಜೊತೆಗಿದ್ದವರು ಕೊಟ್ಟ ಚಹಾ, ಮಜ್ಜಿಗೆ, ಗಂಜಿ ಅದರಲ್ಲಿ ಸೇರಿರುವುದಿಲ್ಲ, ಮಲದ ಜೊತೆ ಹೋದ ಮೂತ್ರವೂ ಸೇರಿರುವುದಿಲ್ಲ. ಈ ಸಲ ತಪ್ಪಿದ್ದು ತೂಕ. ಪಕ್ಕದ ವಾರ್ಡಿನ ಯಂತ್ರದಲ್ಲಿ, ಚಹಾ ಕುಡಿದ ಮೇಲೆ, ಶಾಲು ಹೊದ್ದಿರುವಾಗಲೇ ತೂಗಲಾಗಿತ್ತು. ಮೊದಲಿನ ಯಂತ್ರದಲ್ಲಿ ಮತ್ತೆ ತೂಗಿದಾಗ 54.8. ಬೆಳಗ್ಗೆ ಮೂತ್ರ ಮಾಡಿದ ಮೇಲೆ, ಏನೂ ತಿನ್ನುವ ಮೊದಲು, ಅದೇ ಯಂತ್ರ, ಅಷ್ಟೇ ಬಟ್ಟೆ ಎಂಬ ನಿಯಮ ಇರುವುದು ಇದಕ್ಕೇ. ಆ ತಪ್ಪು ಅಂಕಿಯನ್ನು ನಂಬಿ ಔಷಧ ಏರಿಸಿದ್ದರೆ ರಕ್ತದೊತ್ತಡ ಕುಸಿಯುವ ಸಾಧ್ಯತೆ ಇತ್ತು.

ಅದೇ ದಿನ ಅವಳು ಮೀನಖಂಡ ಹಿಡಿದುಕೊಳ್ಳುತ್ತದೆ ಎನ್ನುತ್ತಾಳೆ. ಮೂತ್ರದ ಜೊತೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ರಕ್ತಪರೀಕ್ಷೆಯಲ್ಲಿ ಅದು 3.3ಕ್ಕೆ ಇಳಿದಿದೆ, ಇರಬೇಕಾದದ್ದು 3.5ಕ್ಕಿಂತ ಮೇಲೆ. ಪೊಟ್ಯಾಸಿಯಂ ತಗ್ಗಿದರೆ ಹೃದಯದ ಬಡಿತ ಲಯ ತಪ್ಪಬಹುದು. ಆದ್ದರಿಂದ ಕಾಲು ನೋವು ಎಂದು ತಿಕ್ಕಿ ಬಿಡದೆ ವರದಿ ಮಾಡುವುದು, ಸೂಚಿಸಿದ ಸಿರಪ್ ಕೊಡುವುದು, ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸುವುದು ಯೋಜನೆಗೆ ಹೊಸದಾಗಿ ಸೇರುತ್ತವೆ.

ಯೋಜನೆಯನ್ನು ನಕಲು ಮಾಡಲಾಗದು ಎಂಬುದಕ್ಕೆ ಪಕ್ಕದ ಮಂಚದಲ್ಲಿ ಮಾನ್ವಿ ಕಡೆಯ 24 ವರ್ಷದ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಂಡರೆ ಸಾಕು. ಭತ್ತದ ನಾಟಿಯ ಕೆಲಸದಲ್ಲಿ ದಮ್ಮು ಹತ್ತಿ ಬಂದವಳು. ಚಿಕ್ಕಂದಿನ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ಕಿರಿದಾಗಿಸಿದೆ. ಅವಳಿಗೂ ಬಾವು, ಅವಳಿಗೂ ಕೂತು ನಿದ್ದೆ. ಆದರೆ ಕಾರಣ ಬೇರೆಯಾದ್ದರಿಂದ ಯೋಜನೆಯೂ ಬೇರೆ. ಕಿರಿದಾದ ಕವಾಟದ ಮೂಲಕ ರಕ್ತ ಹಾಯಲು ಸಮಯ ಬೇಕು. ಬಡಿತ ವೇಗವಾದಷ್ಟೂ ಆ ಸಮಯ ಕುಗ್ಗಿ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಹಾಗಾಗಿ ಜ್ವರ, ಆತಂಕ, ಶ್ರಮ, ಬಡಿತ ಏರಿಸುವ ಎಲ್ಲವನ್ನೂ ತಡೆಯುವುದು ಇಲ್ಲಿ ಮೊದಲ ಸಾಲು. ಬಡಿತ ಲಯ ತಪ್ಪಿದ್ದರೆ ಇಬ್ಬರು ನರ್ಸ್‌ಗಳು ಒಂದೇ ನಿಮಿಷದಲ್ಲಿ, ಒಬ್ಬರು ಎದೆಯ ಮೇಲೆ, ಇನ್ನೊಬ್ಬರು ಮಣಿಕಟ್ಟಿನಲ್ಲಿ ಎಣಿಸಬೇಕು. ಎರಡರ ನಡುವಿನ ಅಂತರ ಕೈಗೆ ತಲುಪದೆ ವ್ಯರ್ಥವಾದ ಬಡಿತಗಳ ಸಂಖ್ಯೆ. ಮೂರರಿಂದ ನಾಲ್ಕು ವಾರಕ್ಕೊಮ್ಮೆಯ ಬೆಂಜಾತಿನ್ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿದೆಯೇ ಎಂಬ ಪ್ರಶ್ನೆ, ಗರ್ಭಿಣಿಯೇ ಎಂಬ ಪ್ರಶ್ನೆ ಅವಳ ಪರಿಶೀಲನೆಯಲ್ಲಿ ಕಡ್ಡಾಯ. ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದ ಅಲ್ಲಿಯವರೆಗೆ ಸುಮ್ಮನಿದ್ದ ಕವಾಟದ ರೋಗ ಆಗಲೇ ಮೊದಲ ಸಲ ಬಯಲಾಗುವುದುಂಟು.

ದೇವದುರ್ಗದ ರೋಗಿಗೆ ಆಹಾರದ ಸೂಚನೆ ಬರೆಯುವಾಗ ವಿವೇಕ ಬೇಕು. ಉಪ್ಪಿನ ವಿಷಯದಲ್ಲಿ ಹಿಂದಿನ ಕಾಲದ ಕಟ್ಟುನಿಟ್ಟಿಗೆ ಇಂದು ಅಷ್ಟು ಬಲವಾದ ಆಧಾರ ಉಳಿದಿಲ್ಲ. ಆರು ದೇಶಗಳ 806 ರೋಗಿಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉಪ್ಪನ್ನು ತೀರಾ ಕಡಿಮೆ ಮಾಡಿದವರಲ್ಲಿ ಸಾವು ಮತ್ತು ಆಸ್ಪತ್ರೆ ಸೇರುವಿಕೆ ಗಣನೀಯವಾಗಿ ಕಡಿಮೆಯಾಗಲಿಲ್ಲ. ಇದರಿಂದ ಉಪ್ಪು ಬೇಕಾದಷ್ಟು ತಿನ್ನಬಹುದು ಎಂದಾಗುವುದಿಲ್ಲ. ಸಪ್ಪೆ ಊಟ ಹೇರಿ, ಮೊದಲೇ ಅರ್ಧ ರೊಟ್ಟಿ ತಿನ್ನುತ್ತಿದ್ದವಳ ಊಟ ಬಿಡಿಸಬಾರದು ಎಂದಾಗುತ್ತದೆ. ದಿನಕ್ಕೆ ಸುಮಾರು ಒಂದು ಚಹಾ ಚಮಚ, ಅಂದರೆ ಐದು ಗ್ರಾಂ ಉಪ್ಪಿನ ಒಳಗಿರುವುದು ಸಾಧ್ಯವಾದ ಗುರಿ. ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಹಾಕುವ ರೂಢಿ ಹೆಚ್ಚಿಲ್ಲದಿರುವುದು ಇಲ್ಲಿಯ ಅನುಕೂಲ. ತೊಂದರೆ ಇರುವುದು ರೊಟ್ಟಿಯ ಪಕ್ಕದಲ್ಲಿ: ಉಪ್ಪಿನಕಾಯಿ, ಕೆಂಪು ಮೆಣಸಿನಕಾಯಿ ಚಟ್ನಿ, ಹಪ್ಪಳ, ಸಂಡಿಗೆ.

ನೀರಿನ ಮಿತಿಯ ಬಗ್ಗೆಯೂ ಹೀಗೆಯೇ. ತೀವ್ರ ಬಾವು ಇರುವಾಗ ದಿನಕ್ಕೆ ಒಂದೂವರೆ, ಎರಡು ಲೀಟರ್ ಎಂದು ವೈದ್ಯರು ಮಿತಿ ಹಾಕುವುದುಂಟು. ಸ್ಥಿರವಾಗಿರುವ ರೋಗಿಗಳಲ್ಲಿ ಆ ಮಿತಿಯಿಂದ ಆರೋಗ್ಯ ಸುಧಾರಿಸಲಿಲ್ಲ, ಬಾಯಾರಿಕೆಯ ಸಂಕಟ ಮಾತ್ರ ಹೆಚ್ಚಿತು ಎಂದು ನೆದರ್‌ಲೆಂಡ್ಸ್‌ನಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿಯ ಹವೆಯಲ್ಲೇ ಹೀಗಾದರೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಆಸ್ಪತ್ರೆಯ ಮಿತಿಯನ್ನು ಹಾಗೆಯೇ ಮನೆಗೆ ಬರೆದುಕೊಡುವುದು ಅಪಾಯ. ಹೊಲದಲ್ಲಿ ಬೆವರುತ್ತಾ, ಮೂತ್ರದ ಮಾತ್ರೆಯನ್ನೂ ನುಂಗುತ್ತಾ ಇರುವವಳಿಗೆ ತಲೆಸುತ್ತು ಬಂದು ತೂಕ ಜಾರಿದರೆ, ಅದೂ ವೈದ್ಯರಿಗೆ ತಿಳಿಸಬೇಕಾದ ಸಂಗತಿಯೇ.

ಕೊನೆಯ ಹಂತ ಮೌಲ್ಯಮಾಪನ. ಪ್ರತಿ ಗುರಿಯ ಎದುರು ಈಡೇರಿದೆ, ಭಾಗಶಃ ಈಡೇರಿದೆ, ಈಡೇರಿಲ್ಲ ಎಂಬುದರಲ್ಲಿ ಒಂದನ್ನು, ಅಂಕಿ ಸಹಿತ ಬರೆಯಬೇಕು. ಏಳನೆಯ ದಿನ ತೂಕ 51.6, ಗುರಿ ಈಡೇರಿದೆ. ಮಾಸ್ಕ್ ಇಲ್ಲದೆ ಆಮ್ಲಜನಕ ಶೇ. 96, ಉಸಿರಾಟ 18. ಚರ್ಮ ಒಡೆದಿಲ್ಲ, ಕೆಂಪು ಮಾಸಿದೆ. ವಾರ್ಡಿನ ಉದ್ದಕ್ಕೂ ಒಮ್ಮೆಯೂ ನಿಲ್ಲದೆ ನಡೆಯುತ್ತಾಳೆ, ಎರಡನೆಯ ಸುತ್ತಿಗೆ ಸುಸ್ತು, ಆದ್ದರಿಂದ ಶ್ರಮದ ಗುರಿ ಭಾಗಶಃ.

ತಿಳಿವಳಿಕೆಯ ಗುರಿಯನ್ನು ಪರೀಕ್ಷಿಸಲು "ತಿಳೀತೇನವಾ?" ಎಂದು ಕೇಳಿ ಉಪಯೋಗವಿಲ್ಲ, "ಹೂಂ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮನೆಗೆ ಹೋದ ಮೇಲೆ ಊಟ ಹೇಗೆ ಎಂದು ಅವಳಿಂದಲೇ ಹೇಳಿಸಿದಾಗ ಬಂದದ್ದು ಇದು: "ಪಲ್ಯಾಕ ಉಪ್ಪ ಹಾಕಂಗಿಲ್ರಿ. ಬಾಯಿಗಿ ರುಚಿ ಹತ್ತಲಾರದ್ದಕ್ಕ ಉಪ್ಪಿನಕಾಯಿ ಹಚ್ಚಿಕೊಂಡು ರೊಟ್ಟಿ ತಿಂತೀನಿ." ಗುರಿ ಈಡೇರಿಲ್ಲ. ಪಾಠವನ್ನು ತಿದ್ದಿ, ಪಲ್ಯಕ್ಕೆ ಸ್ವಲ್ಪ ಉಪ್ಪು ಇರಲಿ, ಉಪ್ಪಿನಕಾಯಿ ಹಪ್ಪಳ ಬಿಡಲಿ, ರುಚಿಗೆ ಲಿಂಬೆಹಣ್ಣು, ಬೆಳ್ಳುಳ್ಳಿ, ಉಪ್ಪಿಲ್ಲದೆ ಕುಟ್ಟಿದ ಶೇಂಗಾ ಪುಡಿ ಬಳಸಲಿ ಎಂದು ಮತ್ತೆ ಹೇಳಿ, ಸಂಜೆ ಮತ್ತೊಮ್ಮೆ ಹೇಳಿಸಬೇಕಾಗುತ್ತದೆ.

ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಆಸ್ಪತ್ರೆಗೆ ಬರಬೇಕು ಎಂಬುದು ಸಾಮಾನ್ಯವಾಗಿ ಕಲಿಸುವ ನಿಯಮ. ಅವಳ ಮನೆಯಲ್ಲಿ ತೂಕದ ಯಂತ್ರವಿಲ್ಲ. ನಿಯಮವನ್ನು ಬರೆದು ಕೈತೊಳೆದುಕೊಂಡರೆ ಯೋಜನೆ ರಾಯಚೂರು ಬಸ್ ನಿಲ್ದಾಣದಲ್ಲೇ ಮುಗಿದಂತೆ. ಊರಿನ ಅಂಗನವಾಡಿಯಲ್ಲೋ ಉಪಕೇಂದ್ರದಲ್ಲೋ ದೊಡ್ಡವರ ಯಂತ್ರ ಇದೆಯೇ ಎಂದು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಕೇಳಿ, ವಾರಕ್ಕೆ ಎರಡು ದಿನ ಬೆಳಗ್ಗೆ ತೂಗುವ ಏರ್ಪಾಡು ಮಾಡಬೇಕು. ಮೊದಲ ದಿನ ಆ ಯಂತ್ರ ತೋರಿಸಿದ ಅಂಕಿಯೇ ಮನೆಯ ಅಳತೆಗೋಲು, ಏಕೆಂದರೆ ಎರಡು ಯಂತ್ರಗಳ ನಡುವಿನ ವ್ಯತ್ಯಾಸ ಏನು ಮಾಡೀತೆಂದು ವಾರ್ಡಿನಲ್ಲೇ ಗೊತ್ತಾಗಿದೆ. ತೂಗದ ದಿನಗಳಿಗೆ ಮೈಯ ಗುರುತುಗಳಿವೆ: ಕಾಲುಂಗುರ ಬಿಗಿಯಾಗುವುದು, ಮಲಗಿದವಳು ಎದ್ದು ಕೂರುವಂತಾಗುವುದು, ನಳದ ದಾರಿಯಲ್ಲಿ ನಿಲ್ಲುವಂತಾಗುವುದು.

ಮಾತ್ರೆ ತರುವವರು ಯಾರು ಎಂಬುದಕ್ಕೂ ಹೆಸರು ಬೇಕು. ಮಗ ಊರಲ್ಲಿಲ್ಲ. ಬಿಡುಗಡೆಯ ಚೀಟಿಯಲ್ಲಿ ದೇವದುರ್ಗ ತಾಲೂಕು ಆಸ್ಪತ್ರೆಗೆ ಒಂದು ವಾರದಿಂದ ಎರಡು ವಾರದೊಳಗೆ ಹೋಗಬೇಕಾದ ದಿನ, ಅಲ್ಲಿ ಮಾಡಿಸಬೇಕಾದ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಪರೀಕ್ಷೆ, ಬಿಡುಗಡೆಯ ದಿನದ ತೂಕ, ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆ ಕೊಡಬಾರದು ಎಂಬ ಸಾಲು, ಮಾತ್ರೆ ತಂದುಕೊಡಲು ಒಪ್ಪಿದ ನೆರೆಯವರ ಹೆಸರು ಬರೆದಿರುತ್ತವೆ. ಮೌಲ್ಯಮಾಪನದ ಕೊನೆಯ ಕಾಲಂ ಆ ಭೇಟಿಯ ದಿನದವರೆಗೆ ಖಾಲಿ ಇರುತ್ತದೆ. ಅಂದಿನ ತೂಕ 52ರ ಒಳಗಿದ್ದು ಮಾತ್ರೆಗಳು ತಪ್ಪಿರದಿದ್ದರೆ ಈಡೇರಿದೆ ಎಂದು ತುಂಬಲಾಗುತ್ತದೆ. ಇಲ್ಲವಾದರೆ ಯಾವ ಕಾರಣಕ್ಕೆ ತಪ್ಪಿತು ಎಂದು ಕೇಳುವ ಮೂಲಕ ಪರಿಶೀಲನೆ ಮತ್ತೆ ಆರಂಭವಾಗುತ್ತದೆ.